ಸೀಲ್ ಇದ್ದರೆ ಸಾಲದು, ಸೀರಿಯಲ್ ನಂಬರ್ ಹೊಂದಬೇಕು

ಪ್ರಶ್ನೆ: ಮೊದಲ ಬಾರಿಗೆ ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದಿದ್ದೇನೆ. ಕಂಪ್ಯೂಟರ್ ಮಾರುಕಟ್ಟೆಯ ಎರಡು ಅಂಗಡಿಗಳಿಂದ ಕೊಟೇಷನ್ ತಂದಿದ್ದೇನೆ. ಎರಡರಲ್ಲೂ ಸಾಮಾನು ಒಂದೇ ರೀತಿ ಕಾಣುತ್ತದೆ, ಮೊತ್ತ ಮಾತ್ರ ಬೇರೆ. ಪೆಟ್ಟಿಗೆಯ ಸೀಲ್ ಮತ್ತು ವಾರಂಟಿ ಸ್ಟಿಕ್ಕರ್ ನೋಡಿಕೊಂಡು ತಗೋ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದರಲ್ಲಿ ಏನನ್ನು ನೋಡಬೇಕೆಂದು ಯಾರೂ ಹೇಳುತ್ತಿಲ್ಲ. ಅಂಗಡಿಯವರ ಜೊತೆ ಹೇಗೆ ಮಾತಾಡಬೇಕು?

ಉತ್ತರ: ನೀವು ಕಳುಹಿಸಿರುವ ಎರಡೂ ಕೊಟೇಷನ್‌ಗಳನ್ನು ಓದಿದೆ. ಎರಡರಲ್ಲೂ "ಐ5 12400 ಪ್ರೊಸೆಸರ್, ಬಿ660 ಬೋರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವ್ಯಾಟ್ ಪವರ್ ಸಪ್ಲೈ, ಕ್ಯಾಬಿನೆಟ್" ಎಂದೇ ಬರೆದಿದೆ. ಮೊದಲ ಅಂಗಡಿಯ ಮೊತ್ತವನ್ನು 100 ಪಾಲು ಎಂದು ಇಟ್ಟುಕೊಂಡರೆ ಎರಡನೆಯದು 107 ಪಾಲು ಆಗುತ್ತದೆ. ಈ 7 ಪಾಲು ಎರಡನೇ ಅಂಗಡಿಯವರ ಲಾಭವೆಂದು ತೀರ್ಮಾನಿಸುವ ಮುನ್ನ ಒಂದು ವಿಷಯ ಗಮನಿಸಬೇಕು. ಈ ಆರು ಸಾಲುಗಳಲ್ಲಿ ಒಂದೂ ಒಂದು ನಿರ್ದಿಷ್ಟ ವಸ್ತುವನ್ನು ಹೆಸರಿಸುತ್ತಿಲ್ಲ. ಬಿ660 ಎಂಬುದು ಚಿಪ್‌ಸೆಟ್ಟಿನ ಹೆಸರು. ಆ ಚಿಪ್‌ಸೆಟ್ ಇರುವ ಬೋರ್ಡುಗಳು ಹತ್ತಾರು ಇವೆ, ಅವುಗಳಲ್ಲಿ ಕೆಲವು ಡಿಡಿಆರ್4 ರ‍್ಯಾಮ್ ಮಾತ್ರ ತೆಗೆದುಕೊಳ್ಳುತ್ತವೆ, ಇನ್ನು ಕೆಲವು ಡಿಡಿಆರ್5 ಮಾತ್ರ. 550 ವ್ಯಾಟ್ ಎಂಬುದು ಪವರ್ ಸಪ್ಲೈಯ ಸಾಮರ್ಥ್ಯವೇ ಹೊರತು ಅದರ ಗುಣಮಟ್ಟವಲ್ಲ. 16 ಜಿಬಿ ರ‍್ಯಾಮ್ ಒಂದೇ ಕಡ್ಡಿಯಾಗಿರಬಹುದು ಅಥವಾ 8 ಜಿಬಿಯ ಜೋಡಿಯಾಗಿರಬಹುದು. ಜೋಡಿಯಾಗಿದ್ದರೆ ಮೆಮೊರಿ ಎರಡು ಚಾನೆಲ್‌ಗಳಲ್ಲಿ ಕೆಲಸ ಮಾಡುತ್ತದೆ, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನೇ ನೆಚ್ಚಿಕೊಂಡಿರುವ ನಿಮ್ಮಂಥವರಿಗೆ ಇದರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆದ್ದರಿಂದ ಮೊತ್ತವನ್ನು ಹೋಲಿಸುವ ಮೊದಲು ಪ್ರತಿ ಸಾಲಿನ ಎದುರು ಮೂರು ಸಂಗತಿಗಳನ್ನು ಬರೆಸಿಕೊಳ್ಳಿ: ತಯಾರಕರು ಕೊಟ್ಟಿರುವ ಪೂರ್ಣ ಪಾರ್ಟ್ ನಂಬರ್, ವಾರಂಟಿ ಎಷ್ಟು ವರ್ಷ, ಆ ವಾರಂಟಿ ಕೊಡುವವರು ಯಾರು. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಅಗ್ಗದ ಕೊಟೇಷನ್‌ನ ಗುಟ್ಟು ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ಹಾಗೆಯೇ ಪ್ರೊಸೆಸರಿನ ಸಂಖ್ಯೆಯ ಕೊನೆಯ ಅಕ್ಷರವನ್ನು ತಪ್ಪದೆ ಓದಿ. 12400 ಮತ್ತು 12400ಎಫ್ ಎರಡೂ ಒಂದೇ ಕುಟುಂಬದವು, ಆದರೆ ಎಫ್ ಇರುವುದರಲ್ಲಿ ಗ್ರಾಫಿಕ್ಸ್ ಭಾಗ ಕೆಲಸ ಮಾಡುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆ ಅದನ್ನು ಹಾಕಿದರೆ ಯಂತ್ರ ಚಾಲೂ ಆದರೂ ಮಾನಿಟರಿನಲ್ಲಿ ಚಿತ್ರವೇ ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಕಾರ್ಡ್ ಇಲ್ಲದಿರುವುದರಿಂದ ನಿಮಗೆ ಎಫ್ ಇಲ್ಲದ 12400 ಬೇಕು.

ಅಂಗಡಿಯಲ್ಲಿ ನಡೆಯಬೇಕಾದ ಮಾತುಕತೆಯ ಒಂದು ಮಾದರಿಯನ್ನು ಕೆಳಗೆ ಬರೆದಿದ್ದೇನೆ. ಕೊಳ್ಳುವವರು ಎರಡನೇ ಅಂಗಡಿಯಲ್ಲಿ ಈ ವಿವರಗಳನ್ನೆಲ್ಲ ಬರೆಸಿಕೊಂಡು, ಇಬ್ಬರ ಕೊಟೇಷನ್‌ಗಳನ್ನೂ ಕೈಯಲ್ಲಿ ಹಿಡಿದುಕೊಂಡು, ಕಡಿಮೆ ಮೊತ್ತ ಹೇಳಿದ ಮೊದಲ ಅಂಗಡಿಗೆ ಬಂದಿದ್ದಾರೆ ಎಂದುಕೊಳ್ಳಿ.

— ಸರ್, ಇಲ್ಲಿ ಐ5 12400 ಎಂದು ಮಾತ್ರ ಇದೆ. ಇದು ಬಾಕ್ಸ್ ಪೀಸೋ, ಟ್ರೇ ಪೀಸೋ?

— ಟ್ರೇ, ಮೇಡಂ. ಚಿಪ್ ಎರಡರಲ್ಲೂ ಒಂದೇ, ಕೆಲಸದಲ್ಲಿ ಏನೂ ವ್ಯತ್ಯಾಸ ಇಲ್ಲ.

— ವಾರಂಟಿ ಯಾರದು?

— ನಮ್ಮದೇ. ಒಂದು ವರ್ಷ ಕೊಡುತ್ತೇವೆ.

— ಹಾಗಾದರೆ ಬಾಕ್ಸ್ ಪೀಸ್ ಹಾಕಿ ಎಷ್ಟಾಗುತ್ತದೆಂದು ಹೇಳಿ. ಕೂಲರ್ ಅದರ ಜೊತೆಗೇ ಬರುತ್ತದಲ್ಲವೇ? ರ‍್ಯಾಮ್ 8 ಜಿಬಿಯ ಎರಡು ಕಡ್ಡಿಯ ಕಿಟ್ ಬೇಕು. ಪವರ್ ಸಪ್ಲೈ ಈ ಇನ್ನೊಂದು ಕೊಟೇಷನ್‌ನವರು ಹೇಳಿದ ಮಾಡೆಲ್ಲೇ ಬೇಕು.

— ಅವೆಲ್ಲ ಸೇರಿಸಿದರೆ ಮೊತ್ತ ಮೇಲೆ ಹೋಗುತ್ತದೆ, ಮೇಡಂ.

— ಹೋಗಲಿ. ಎರಡನ್ನೂ ಒಂದೇ ಸಾಮಾನಿಗೆ ಹೋಲಿಸಬೇಕು, ಅಷ್ಟೇ.

ಇಲ್ಲಿಗೆ ಲೆಕ್ಕ ಬದಲಾಗುತ್ತದೆ. ಕೂಲರ್ ಸಹಿತವಾದ ಬಾಕ್ಸ್ ಪ್ರೊಸೆಸರಿಗೆ 2 ಪಾಲು, ರ‍್ಯಾಮ್ ಕಿಟ್‌ಗೆ 1 ಪಾಲು, ಪವರ್ ಸಪ್ಲೈಗೆ 3 ಪಾಲು ಏರಿತು ಎಂದಿಟ್ಟುಕೊಂಡರೆ, ಮೊದಲ ಅಂಗಡಿಯ 100 ಈಗ 106 ಆಗಿದೆ. ಎರಡು ಅಂಗಡಿಗಳ ನಡುವಿನ ನಿಜವಾದ ಅಂತರ 1 ಪಾಲು ಮಾತ್ರ. ಮೊದಲಿಗೆ ಕಂಡ 7ರಲ್ಲಿ 6 ಪಾಲು ರಿಯಾಯಿತಿಯೇ ಆಗಿರಲಿಲ್ಲ, ಬೇರೆ ಸಾಮಾನಾಗಿತ್ತು.

ಟ್ರೇ ಎಂಬುದರ ಬಗ್ಗೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಕಂಪ್ಯೂಟರ್ ತಯಾರಿಸುವ ಕಂಪನಿಗಳಿಗಾಗಿ ತಟ್ಟೆಗಳಲ್ಲಿ ಸಗಟಾಗಿ ಹೋಗುವ ಚಿಪ್‌ಗಳು ಅವು, ವೇಗದಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಆದರೆ ಇಂಟೆಲ್ ತನ್ನ ಬಾಕ್ಸ್ ಪ್ರೊಸೆಸರಿಗೆ ಕೊಳ್ಳುವವರಿಗೇ ನೇರವಾಗಿ 3 ವರ್ಷದ ವಾರಂಟಿ ಕೊಡುತ್ತದೆ, ಟ್ರೇ ಪ್ರೊಸೆಸರಿಗೆ ಕೊಡುವುದಿಲ್ಲ, ಅದನ್ನು ಕೊಂಡ ಕಡೆಯೇ ಕೇಳಿಕೊಳ್ಳಿ ಎನ್ನುತ್ತದೆ. ಎಎಂಡಿಯ ನಿಲುವೂ ಹೆಚ್ಚುಕಡಿಮೆ ಇದೇ. ಅಂದರೆ ಟ್ರೇ ಪೀಸ್ ಕೊಂಡಾಗ ವಾರಂಟಿಯ ಆಯುಸ್ಸು ಆ ಅಂಗಡಿಯ ಆಯುಸ್ಸಿಗೆ ಗಂಟುಬಿದ್ದಿರುತ್ತದೆ. ಅಂಗಡಿ ಹಳೆಯದು, ಪರಿಚಯದ್ದು ಎಂದಾದರೆ ತಿಳಿದೇ ಆ ಆಯ್ಕೆ ಮಾಡಬಹುದು, ತಿಳಿಯದೆ ಮಾಡಬಾರದು.

ಈಗ ಪೆಟ್ಟಿಗೆಗಳು ಮೇಜಿನ ಮೇಲೆ ಬಂದಿವೆ.

— ಸರ್, ಈ ಮದರ್‌ಬೋರ್ಡ್ ಪೆಟ್ಟಿಗೆಗೆ ಸೀಲೇ ಇಲ್ಲವಲ್ಲ?

— ಈ ಕಂಪನಿಯವರು ಹೊರಗೆ ಸೀಲ್ ಹಾಕುವುದಿಲ್ಲ, ಮೇಡಂ. ಬರುವುದೇ ಹೀಗೆ.

— ಇದೇ ಮಾಡೆಲ್‌ನ ಇನ್ನೊಂದು ಪೆಟ್ಟಿಗೆ ಇದ್ದರೆ ತೋರಿಸುತ್ತೀರಾ?

— ಇದೆ, ನೋಡಿ. ಅದಕ್ಕೂ ಇಲ್ಲ.

— ಸರಿ. ಆದರೆ ಈ ಎಸ್‌ಎಸ್‌ಡಿ ಪೆಟ್ಟಿಗೆಯ ಸೀಲಿನ ಅಂಚಿನಲ್ಲಿ ಇನ್ನೊಂದು ಅಂಟಿನ ಗೆರೆ ಕಾಣುತ್ತಿದೆ. ಇದು ಬೇಡ, ಬೇರೆ ಪೆಟ್ಟಿಗೆ ಕೊಡಿ.

— ಸಾಗಿಸುವಾಗ ಸ್ವಲ್ಪ ಜರುಗಿರುತ್ತದೆ, ಅಷ್ಟೇ.

— ಇರಬಹುದು ಸರ್, ಆದರೂ ಬೇರೆಯದನ್ನೇ ಕೊಡಿ.

ಇಲ್ಲಿ ಕೊಳ್ಳುವವರು ಮಾಡಿದ ಎರಡೂ ಕೆಲಸ ಸರಿಯಾದದ್ದು. ಅನೇಕ ಮದರ್‌ಬೋರ್ಡುಗಳ ಹೊರಪೆಟ್ಟಿಗೆ ಕಾರ್ಖಾನೆಯಿಂದಲೇ ಸೀಲ್ ಇಲ್ಲದೆ ಬರುತ್ತದೆ, ಬೋರ್ಡನ್ನು ಸುತ್ತಿದ ಆಂಟಿಸ್ಟಾಟಿಕ್ ಚೀಲಕ್ಕೆ ಮಾತ್ರ ಒಂದು ಸ್ಟಿಕ್ಕರ್ ಇರುತ್ತದೆ. ಆದ್ದರಿಂದ ಸೀಲ್ ಇಲ್ಲ ಎಂಬ ಒಂದೇ ಕಾರಣಕ್ಕೆ ವಸ್ತುವನ್ನು ಶಂಕಿಸಬೇಕಾಗಿಲ್ಲ. ಯಾವ ಮಾಡೆಲಿಗೆ ಎಂಥ ಸೀಲ್ ಇರಬೇಕೆಂದು ಮೊದಲ ಸಲ ಕೊಳ್ಳುವವರಿಗೆ ತಿಳಿದಿರುವ ಸಂಭವವಿಲ್ಲ, ಹೀಗಾಗಿ ಅದೇ ಮಾಡೆಲಿನ ಎರಡನೇ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ನೋಡುವುದೇ ಅತ್ಯಂತ ನಂಬಲರ್ಹವಾದ ವಿಧಾನ. ಸೀಲ್ ಇರುವ ಜಾಗ, ಅಗಲ, ಹೊಳಪು, ಮುದ್ರಣ ಎರಡರಲ್ಲೂ ಹೊಂದಬೇಕು.

ಇದಕ್ಕೆ ತಿರುಗುಮುರುಗಾಗಿ, ಸೀಲ್ ಇರುವುದೂ ವಸ್ತು ಹೊಸದೆಂಬುದಕ್ಕೆ ಪೂರ್ತಿ ಸಾಕ್ಷಿಯಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯನ್ನು ಮತ್ತೆ ಸುತ್ತಿ ಬಿಸಿಗಾಳಿಯಿಂದ ಬಿಗಿಯುವ ಯಂತ್ರ ಯಾರ ಬಳಿ ಬೇಕಾದರೂ ಇರಬಹುದು. ಅಂಟುಸೀಲಿಗೆ ಮೆಲ್ಲಗೆ ಬಿಸಿ ತಾಗಿಸಿದರೆ ಅಂಟು ಮೆತ್ತಗಾಗಿ ಸೀಲ್ ಹರಿಯದೆ ಎದ್ದುಬರುತ್ತದೆ. ಆದರೆ ಎಷ್ಟೇ ಜಾಗ್ರತೆ ವಹಿಸಿದರೂ ಸಾಮಾನ್ಯವಾಗಿ ಗುರುತು ಉಳಿಯುತ್ತದೆ. ಮತ್ತೆ ಅಂಟಿಸುವಾಗ ಮೊದಲಿನ ಜಾಗದಲ್ಲೇ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸುವುದು ಕಷ್ಟ, ಆದ್ದರಿಂದ ಅಂಚಿನಲ್ಲಿ ಹಳೆಯ ಅಂಟಿನ ತೆಳುಗೆರೆ ಕಾಣುತ್ತದೆ, ಆ ಗೆರೆಯ ಮೇಲೆ ಧೂಳು ಕೂತು ಬೂದುಬಣ್ಣಕ್ಕೆ ತಿರುಗಿರುತ್ತದೆ. ಸೀಲಿನ ಕೆಳಗೆ ರಟ್ಟಿನ ಮೇಲ್ಪದರ ಕಿತ್ತುಬಂದು ನಾರು ಎದ್ದಿರುತ್ತದೆ. ಪೆಟ್ಟಿಗೆಯ ಮುಚ್ಚಳದ ಮಡಿಕೆಯಲ್ಲಿ ಬಣ್ಣ ಬಿರುಕುಬಿಟ್ಟು ಬೆಳ್ಳಗಾಗಿರುತ್ತದೆ. ಪೆಟ್ಟಿಗೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಬೆಳಕು ಮೇಲ್ಮೈಯ ಮೇಲೆ ಜಾರುವಂತೆ ತಿರುಗಿಸಿದರೆ ಇವೆಲ್ಲ ಒಂದೇ ನಿಮಿಷದಲ್ಲಿ ಕಾಣುತ್ತವೆ. ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಅಂಥ ಗುರುತು ಕಂಡಾಗ ವಾದಕ್ಕೆ ಇಳಿಯಬೇಡಿ. ಕಾರಣ ಏನೇ ಇರಲಿ, ಬೇರೆ ಪೆಟ್ಟಿಗೆ ಕೇಳುವುದು ನಿಮ್ಮ ಹಕ್ಕು, ಇಲ್ಲವೆಂದರೆ ಆ ಒಂದು ವಸ್ತುವನ್ನು ಇನ್ನೊಂದು ಅಂಗಡಿಯಲ್ಲಿ ಕೊಳ್ಳಬಹುದು.

ಸ್ಟಿಕ್ಕರ್‌ಗಳ ವಿಷಯದಲ್ಲಿ ಗೊಂದಲ ಹೆಚ್ಚು, ಏಕೆಂದರೆ ಒಂದೇ ವಸ್ತುವಿನ ಮೇಲೆ ಬೇರೆ ಬೇರೆಯವರು ಅಂಟಿಸಿದ ಚೀಟಿಗಳು ಇರುತ್ತವೆ. ತಯಾರಕರದು ಸೀರಿಯಲ್ ನಂಬರ್ ಮತ್ತು ಬಾರ್‌ಕೋಡ್ ಇರುವ ಚೀಟಿ. ವಾರಂಟಿ ನಿಜವಾಗಿ ಅಂಟಿಕೊಂಡಿರುವುದು ಇದಕ್ಕೆ. ಆಮದುದಾರರು ಅಥವಾ ಡಿಸ್ಟ್ರಿಬ್ಯೂಟರ್ ಅಂಟಿಸಿದ ಚೀಟಿಯಿದ್ದರೆ ವಸ್ತು ಯಾರ ಮೂಲಕ ಬಂದಿದೆ, ಸರ್ವಿಸ್‌ಗೆ ಯಾರ ಬಳಿ ಹೋಗಬೇಕು ಎಂಬುದು ಅದರಿಂದ ತಿಳಿಯುತ್ತದೆ. ಇನ್ನು ಅಂಗಡಿಯವರು ತಿಂಗಳು ಮತ್ತು ವರ್ಷಕ್ಕೆ ಗುರುತು ಹಾಕಿ ಅಂಟಿಸುವ, ಮುಟ್ಟಿದರೆ ಪುಡಿಪುಡಿಯಾಗುವ ಚಿಕ್ಕ ಚೀಟಿ. ಅನೇಕರು ಇದನ್ನೇ ವಾರಂಟಿ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಅದು ಅಂಗಡಿಯ ರಕ್ಷಣೆಗಾಗಿ ಇರುವಂಥದು: ಕೆಟ್ಟ ವಸ್ತುವನ್ನು ಯಾರಾದರೂ ತಂದಾಗ ಅದು ತಾನು ಮಾರಿದ್ದೇ ಹೌದೋ ಅಲ್ಲವೋ ಎಂದು ಅಂಗಡಿ ಗುರುತಿಸುವುದು ಅದರಿಂದ. ಅದಿದ್ದರೆ ತಪ್ಪೇನೂ ಇಲ್ಲ, ಆದರೆ ಅದನ್ನು ಅಂಟಿಸುವ ಜಾಗ ಮುಖ್ಯ.

— ಸರ್, ನಿಮ್ಮ ಸ್ಟಿಕ್ಕರನ್ನು ಕಂಪನಿಯ ಸೀರಿಯಲ್ ನಂಬರ್ ಮೇಲೆ ಅಂಟಿಸಬೇಡಿ. ಪಕ್ಕದಲ್ಲಿ ಅಂಟಿಸಿ.

— ಆಗಲಿ ಮೇಡಂ.

— ಈ ಸ್ಕ್ರೂ ಮೇಲಿನ ಚೀಟಿ ಯಾರದು, ನಿಮ್ಮದೋ ಕಂಪನಿಯದೋ?

— ಕಂಪನಿಯದು. ಅದು ಹರಿದರೆ ವಾರಂಟಿ ಹೋಗುತ್ತದೆ.

ಸ್ಕ್ರೂ ಮೇಲಿನ ಚೀಟಿ ಹರಿದರೆ ವಾರಂಟಿ ಹೋಗುತ್ತದೆ ಎಂಬ ಮಾತು ಎಲ್ಲ ಕಡೆಯೂ ಕಾನೂನಿನ ಮುಂದೆ ನಿಲ್ಲುವಂಥದಲ್ಲ. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ, ಮತ್ತೆ 2024ರಲ್ಲಿ, ಇಂಥ ಷರತ್ತುಗಳ ಬಗ್ಗೆ ಕಂಪನಿಗಳಿಗೆ ಎಚ್ಚರಿಕೆಯ ಪತ್ರಗಳನ್ನೇ ಬರೆದಿದೆ. ಆದರೆ ನಿಮ್ಮ ಉದ್ದೇಶ ಮೊಕದ್ದಮೆ ಹೂಡುವುದಲ್ಲ, ಕೆಟ್ಟಾಗ ವಸ್ತು ಬದಲಾಯಿಸಿಕೊಳ್ಳುವುದು. ಹಾಗಾಗಿ ಚೀಟಿ ಇದ್ದಂತೆಯೇ ಇರಲಿ. ಕೊಳ್ಳುವ ದಿನ ಅದು ಅಖಂಡವಾಗಿದೆ ಎಂಬುದಕ್ಕೆ ಒಂದು ಚಿತ್ರ ತೆಗೆದುಕೊಂಡರೆ ಸಾಕು.

ನನ್ನ ಅನುಭವದಲ್ಲಿ ಸೀಲಿಗೂ ಸ್ಟಿಕ್ಕರಿಗೂ ಮಿಗಿಲಾದ ಪರೀಕ್ಷೆ ಇನ್ನೊಂದಿದೆ, ಅದನ್ನು ಬಹುತೇಕರು ಮಾಡುವುದೇ ಇಲ್ಲ. ಒಂದು ವಸ್ತುವಿನ ಸೀರಿಯಲ್ ನಂಬರ್ ನಾಲ್ಕು ಕಡೆ ಒಂದೇ ಆಗಿರಬೇಕು: ಪೆಟ್ಟಿಗೆಯ ಮೇಲೆ, ವಸ್ತುವಿನ ಮೇಲೆ, ಬಿಲ್ಲಿನಲ್ಲಿ ಮತ್ತು ತಯಾರಕರ ವಾರಂಟಿ ಪುಟದಲ್ಲಿ. ಸೀಲ್ ಕಾಪಾಡುವುದು ಪೆಟ್ಟಿಗೆಯನ್ನು ಮಾತ್ರ, ಸರ್ವಿಸ್ ಸೆಂಟರಿನವರು ಕೇಳುವುದು ಸೀರಿಯಲ್ ನಂಬರನ್ನು. ಹೊಸ ಪೆಟ್ಟಿಗೆಯೊಳಗೆ ಹಿಂದಿರುಗಿ ಬಂದ ವಸ್ತು ಸೇರಿಕೊಂಡಿದ್ದರೆ ಅದನ್ನು ಬಯಲು ಮಾಡುವುದು ಈ ಹೊಂದಾಣಿಕೆಯೇ.

ಮದರ್‌ಬೋರ್ಡಿನಲ್ಲಿ ಚೀಟಿ ಸಾಮಾನ್ಯವಾಗಿ ಬೋರ್ಡಿನ ಅಂಚಿನಲ್ಲಿ, ಹಿಂಬದಿಯಲ್ಲಿ ಅಥವಾ ದೊಡ್ಡ ಪವರ್ ಕನೆಕ್ಟರಿನ ಮೈಮೇಲೆ ಇರುತ್ತದೆ. ಇಂಟೆಲ್ ಬಾಕ್ಸ್ ಪ್ರೊಸೆಸರಿನ ಲೇಬಲ್ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಎಫ್‌ಪಿಒ ಎಂಬುದು ತಯಾರಿಕೆಯ ಬ್ಯಾಚ್ ಸಂಖ್ಯೆ, ಎಟಿಪಿಒ ಎಂಬುದು ಆ ಒಂದು ಚಿಪ್ಪಿನ ಸೀರಿಯಲ್. ಬ್ಯಾಚ್ ಸಂಖ್ಯೆಯನ್ನು ಚಿಪ್ಪಿನ ಲೋಹದ ಮುಚ್ಚಳದ ಮೇಲೆಯೂ ಕೊರೆದಿರುತ್ತಾರೆ, ಎಟಿಪಿಒದ ಕೊನೆಯ ಕೆಲವು ಅಂಕೆಗಳು ಚಿಪ್ಪಿನ ಹಸಿರು ಅಂಚಿನಲ್ಲಿ ಸಣ್ಣದಾಗಿ ಇರುತ್ತವೆ. ಪ್ರೊಸೆಸರನ್ನು ಬೋರ್ಡಿಗೆ ಕೂರಿಸಿ ಮೇಲೆ ಥರ್ಮಲ್ ಪೇಸ್ಟ್ ಹಚ್ಚಿದ ಮೇಲೆ ಇದಾವುದೂ ಕಾಣುವುದಿಲ್ಲ, ಆದ್ದರಿಂದ ಅದಕ್ಕೂ ಮುಂಚೆ ಓದಿಕೊಂಡು ಚಿತ್ರ ತೆಗೆದಿಡಬೇಕು. ಅದೇ ಹೊತ್ತಿಗೆ ಮದರ್‌ಬೋರ್ಡಿನ ಸಾಕೆಟ್ ಮುಚ್ಚಳ ತೆಗೆಸಿ ಪಿನ್ನುಗಳನ್ನೂ ನೋಡಿ. ಎಲ್ಲ ಪಿನ್ನುಗಳ ತುದಿಗಳು ಒಂದೇ ಕೋನದಲ್ಲಿ ಹೊಳೆಯಬೇಕು. ಎಲ್ಲೋ ಒಂದು ಕಡೆ ಸಾಲು ಮುರಿದಂತೆ ಕಂಡರೆ ಅಲ್ಲಿ ಪಿನ್ ಬಾಗಿದೆ. ಬಾಗಿದ ಪಿನ್ನನ್ನು ತಯಾರಕರು ಸಾಮಾನ್ಯವಾಗಿ ಬಳಸಿದವರ ತಪ್ಪೆಂದೇ ಎಣಿಸುತ್ತಾರೆ, ಅಂಗಡಿಯಿಂದ ಹೊರಬಿದ್ದ ಮೇಲೆ ಅದು ಮೊದಲೇ ಬಾಗಿತ್ತು ಎಂದು ಸಾಧಿಸಲು ನಿಮ್ಮಲ್ಲಿ ಆಧಾರವಿರುವುದಿಲ್ಲ.

ವಾರಂಟಿ ಪುಟದಲ್ಲಿ ನಂಬರ್ ಹಾಕುವ ಕೆಲಸವನ್ನು ಹಣ ಕೊಡುವ ಮುನ್ನ, ಅಂಗಡಿಯಲ್ಲೇ ನಿಂತು, ಫೋನಿನಲ್ಲಿ ಮಾಡಿ. ಬರುವ ಉತ್ತರವನ್ನು ಓದುವುದರಲ್ಲೂ ತುಸು ವಿವೇಚನೆ ಬೇಕು. ಐದು ವರ್ಷದ ವಾರಂಟಿಯ ಡ್ರೈವ್‌ಗೆ ನಾಲ್ಕು ವರ್ಷ ಎಂಟು ತಿಂಗಳು ಉಳಿದಿದೆ ಎಂದು ತೋರಿಸಿದರೆ ಗಾಬರಿಯಾಗಬೇಕಿಲ್ಲ. ಮಾರಾಟದ ದಿನಾಂಕ ತಿಳಿಯದಿದ್ದಾಗ ಕೆಲವು ಕಂಪನಿಗಳು ಕಾರ್ಖಾನೆಯಿಂದ ಹೊರಟ ದಿನದಿಂದ ಲೆಕ್ಕ ಹಿಡಿಯುತ್ತವೆ, ಬಿಲ್ ಕಳುಹಿಸಿದರೆ ಅದನ್ನು ತಿದ್ದಿಕೊಡುತ್ತವೆ. ಅರ್ಧಕ್ಕಿಂತ ಹೆಚ್ಚು ಅವಧಿ ಕಳೆದಿದ್ದರೆ ಅದು ಬೇರೆ ಮಾತು, ಆ ವಸ್ತುವನ್ನು ಬಿಡುವುದೇ ಲೇಸು. ಈ ಡ್ರೈವ್ ಅನ್ನು ಕಂಪ್ಯೂಟರ್ ತಯಾರಕರಿಗೆ ಬಿಡಿಭಾಗವಾಗಿ ಮಾರಲಾಗಿದೆ ಎಂಬ ಅರ್ಥದ ಸಂದೇಶ ಬಂದರೆ ಅದು ನಿಮಗೆ ನೇರ ವಾರಂಟಿ ಇಲ್ಲದ ಮಾಲು. ಇನ್ನೊಂದು ಪ್ರದೇಶದ ಮಾರಾಟಕ್ಕೆ ಎಂದು ತೋರಿಸಿದರೆ ನಿಮ್ಮ ಊರಿನ ಸರ್ವಿಸ್ ಸೆಂಟರ್ ಅದನ್ನು ನಿರಾಕರಿಸಬಹುದು. ಈ ಕೊನೆಯ ಎರಡು ಸಂದರ್ಭಗಳಲ್ಲಿ ಸೀಲ್ ಅಚ್ಚುಕಟ್ಟಾಗಿಯೇ ಇರುತ್ತದೆ, ವಸ್ತುವೂ ಹೊಸದೇ ಆಗಿರುತ್ತದೆ, ವಾರಂಟಿ ಮಾತ್ರ ಇರುವುದಿಲ್ಲ.

ಎಸ್‌ಎಸ್‌ಡಿಗೆ ಇನ್ನೊಂದು ಪರೀಕ್ಷೆ ಸಾಧ್ಯ, ಏಕೆಂದರೆ ಅದು ತನ್ನ ಬಳಕೆಯ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ವಿಂಡೋಸ್‌ನಲ್ಲಿ CrystalDiskInfo ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಲಿನಕ್ಸ್‌ನಲ್ಲಿ smartmontools ಹಾಕಿಕೊಂಡು ಹೀಗೆ ಕೇಳಬಹುದು:

```
sudo smartctl -a /dev/nvme0
```

ಬರುವ ಪಟ್ಟಿಯಲ್ಲಿ Power On Hours, Data Units Written ಮತ್ತು Percentage Used ಎಂಬ ಮೂರು ಸಾಲುಗಳನ್ನು ನೋಡಿದರೆ ಸಾಕು. ಒಂದು ಡೇಟಾ ಯೂನಿಟ್ ಎಂದರೆ 5,12,000 ಬೈಟ್, ಅಂದರೆ ಸುಮಾರು 2,000 ಯೂನಿಟ್ ಸೇರಿದರೆ 1 ಜಿಬಿ. ಜೋಡಣೆ ಮುಗಿಸಿ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ 60,000 ಯೂನಿಟ್ ತೋರಿಸಿದರೆ ಅದು ಸುಮಾರು 30 ಜಿಬಿ, ಹೊಸ ಡ್ರೈವ್‌ಗೆ ಸಹಜವಾದದ್ದು, ಗಂಟೆಗಳೂ ಒಂದೆರಡು ಮಾತ್ರ ಇರಬೇಕು. ಅದರ ಬದಲು 40,00,000 ಯೂನಿಟ್ ಮತ್ತು ನೂರಾರು ಗಂಟೆ ಕಂಡರೆ, ಸುಮಾರು 2 ಟಿಬಿ ಬರೆದು ಬಳಸಿದ ಡ್ರೈವ್ ನಿಮ್ಮ ಕೈಗೆ ಬಂದಿದೆ. ಎಸ್‌ಎಸ್‌ಡಿಯ ವಾರಂಟಿ ವರ್ಷಗಳ ಜೊತೆಗೆ ಬರೆಯಬಹುದಾದ ಒಟ್ಟು ದತ್ತಾಂಶಕ್ಕೂ ಮಿತಿ ಹಾಕಿರುತ್ತದೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯುತ್ತದೆ, ಹಾಗಾಗಿ ಇದು ಬರೀ ಹೊಸದು ಹಳೆಯದು ಎಂಬ ಪ್ರಶ್ನೆಯಲ್ಲ. ಈ ಪರೀಕ್ಷೆಗೂ ಮಿತಿಯಿದೆ: ಲೆಕ್ಕವನ್ನು ಅಳಿಸಿ ಶೂನ್ಯಕ್ಕೆ ತರುವವರೂ ಇದ್ದಾರೆ. 2025ರ ಆರಂಭದಲ್ಲಿ ಸೀಗೇಟ್ ಕಂಪನಿಯ ಸರ್ವರ್ ಹಾರ್ಡ್ ಡಿಸ್ಕ್‌ಗಳು ಹೀಗೆ ಲೆಕ್ಕ ಅಳಿಸಿ ಹೊಸದೆಂದು ಮಾರಾಟವಾಗಿದ್ದು ಯುರೋಪಿನಲ್ಲಿ ಬೆಳಕಿಗೆ ಬಂತು. ಅವುಗಳನ್ನು ಗುರುತಿಸಿದ್ದು ಡಿಸ್ಕ್ ತನ್ನೊಳಗೆ ಪ್ರತ್ಯೇಕವಾಗಿ ಇಟ್ಟುಕೊಂಡಿದ್ದ ಇನ್ನೊಂದು ದಾಖಲೆಯಿಂದ. ಆದ್ದರಿಂದ ಅಂಕೆ ಕೆಟ್ಟದಾಗಿದ್ದರೆ ವಸ್ತು ಬಳಸಿದ್ದೆಂಬುದು ಖಚಿತ, ಅಂಕೆ ಚೆನ್ನಾಗಿದ್ದರೆ ಸೀರಿಯಲ್ ಪರೀಕ್ಷೆಯೂ ಜೊತೆಗೆ ಪಾಸಾಗಬೇಕು.

ಉಳಿದಿರುವುದು ಬಿಲ್.

— ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಎದುರು ಸೀರಿಯಲ್ ನಂಬರ್ ಹಾಕಿಕೊಡಿ, ಸರ್.

— ಅಷ್ಟೊಂದು ಯಾರು ಬರೆಯುತ್ತಾರೆ ಮೇಡಂ? ಅಸೆಂಬಲ್ಡ್ ಕಂಪ್ಯೂಟರ್ ಎಂದು ಒಂದೇ ಸಾಲು ಬರೆಯುತ್ತೇವೆ.

— ಒಂದೇ ಸಾಲಾದರೆ ನಾಳೆ ಎಸ್‌ಎಸ್‌ಡಿ ಕೆಟ್ಟಾಗ ಕಂಪನಿಯವರಿಗೆ ಏನು ತೋರಿಸಲಿ? ನಾನು ನಂಬರ್ ಓದುತ್ತೇನೆ, ನೀವು ಟೈಪ್ ಮಾಡಿ. ವಾರಂಟಿ ನಿಮ್ಮದೋ ಕಂಪನಿಯದೋ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಈ ಕೋರಿಕೆಯಲ್ಲಿ ಸಂಕೋಚಪಡಬೇಕಾದ್ದು ಏನೂ ಇಲ್ಲ. ಕಂಪ್ಯೂಟರ್ ಎಂಬ ಒಂದೇ ಸಾಲಿನ ಬಿಲ್ಲನ್ನು ಎಸ್‌ಎಸ್‌ಡಿ ತಯಾರಕರ ಸರ್ವಿಸ್ ಸೆಂಟರ್ ಒಪ್ಪದೇ ಹೋಗಬಹುದು, ಏಕೆಂದರೆ ಅದರಲ್ಲಿ ಅವರ ವಸ್ತುವಿನ ಹೆಸರೇ ಇರುವುದಿಲ್ಲ. ನಿಮ್ಮ ಎರಡು ಅಂಗಡಿಗಳ ನಡುವೆ ಉಳಿದಿದ್ದ 1 ಪಾಲಿನ ಅಂತರವನ್ನು ನಾನಾದರೆ ಇದರಿಂದಲೇ ತೀರ್ಮಾನಿಸುತ್ತೇನೆ: ಯಾರು ಸೀರಿಯಲ್ ನಂಬರ್ ಸಹಿತ ಬಿಲ್ ಕೊಡಲು ಒಪ್ಪುತ್ತಾರೋ, ಮೊದಲ ಕೆಲವು ದಿನಗಳಲ್ಲಿ ವಸ್ತು ಕೆಟ್ಟರೆ ಸರ್ವಿಸ್ ಸೆಂಟರಿಗೆ ಅಟ್ಟದೆ ಅಂಗಡಿಯಲ್ಲೇ ಬದಲಾಯಿಸಿ ಕೊಡುತ್ತೇವೆಂದು ಬಿಲ್ಲಿನ ಮೇಲೆ ಬರೆದುಕೊಡುತ್ತಾರೋ ಅವರಲ್ಲಿ ಕೊಳ್ಳುತ್ತೇನೆ. ಪೆಟ್ಟಿಗೆಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ವಾರಂಟಿಗೆ ಪೆಟ್ಟಿಗೆಯನ್ನೇ ಕೇಳುವವರು ಕಡಿಮೆ, ಆದರೆ ಪ್ರೊಸೆಸರಿನ ಪೂರ್ಣ ಸೀರಿಯಲ್ ನಿಮ್ಮ ಕಣ್ಣಿಗೆ ಓದಲು ಸಿಗುವುದು ಪೆಟ್ಟಿಗೆಯ ಲೇಬಲಿನಲ್ಲಿ ಮಾತ್ರ, ಕೂಲರ್ ಬಿಚ್ಚದೆ ಅದನ್ನು ಹೇಳಬೇಕಾದ ದಿನ ಬಂದರೆ ಆ ಲೇಬಲ್ಲೇ ಬೇಕಾಗುತ್ತದೆ.